ಬಡ್ಡಿಯ ಗೆರೆ ತಲೆಕೆಳಗಾದಾಗ



ಮೊನ್ನೆ ತಿಪಟೂರಿನ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯೋಕೆ ನಿಂತಿದ್ದಾಗ ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಹತ್ತಿರ ಬಂದರು. ಗುರುತು ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಸಾರ್, ಎರಡು ವರ್ಷದ ಹಿಂದೆ ಟೀವೀಲಿ ಅಮೆರಿಕ ಇನ್ನೇನು ಬಿದ್ದೋಯ್ತು ಅಂದ್ರಿ. ಅದ್ಯಾವುದೋ ಗೆರೆ ಉಲ್ಟಾ ಆಗಿದೆ ಅಂತ ತೋರಿಸಿದ್ರಿ. ಬೆಂಗಳೂರಲ್ಲಿರೋ ನನ್ನ ಮಗನಿಗೆ ಆಗ ಬೇರೆ ಕಂಪನೀಲಿ ಒಳ್ಳೆ ಕೆಲಸ ಸಿಕ್ಕಿತ್ತು. ನಾನೇ ಬೇಡ ಅಂದೆ. ಅಮೆರಿಕ ಎಲ್ಲಿ ಬಿತ್ತು ಸಾರ್?"

ನನ್ನ ಹತ್ತಿರ ಅಲ್ಲಿ ಉತ್ತರ ಇರಲಿಲ್ಲ. ಯಾಕಂದ್ರೆ ಅವರು ಹೇಳಿದ್ದು ನಿಜ. 2023ರ ಆರಂಭದಲ್ಲಿ ಇದೇ ಸ್ಟುಡಿಯೋದಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಕೆಂಪು ಅಕ್ಷರದ ತಲೆಬರಹ ಹಾಕಿ ನಾವು ಆ ಸುದ್ದಿ ಓದಿದ್ದೆವು. ಅಪಾಯದ ಗಂಟೆ ಬಾರಿಸಿದೆ ಅಂದೆವು. ಅದು ಯಾವ ಗಂಟೆ, ಅದನ್ನ ಬಾರಿಸಿದ್ದು ಯಾರು, ಹಿಂದೆ ಅದು ಎಷ್ಟು ಸಲ ನಿಜವಾಗಿದೆ, ಎಷ್ಟು ಸಲ ಸುಳ್ಳಾಗಿದೆ ಅಂತ ಹೇಳಲಿಲ್ಲ. ಮೂರು ನಿಮಿಷದ ಸುದ್ದಿಯಲ್ಲಿ ಹೇಳೋಕೆ ಆಗಲಿಲ್ಲ ಅಂತ ತಪ್ಪಿಸಿಕೊಳ್ಳಬಹುದು. ಆದರೆ ಒಬ್ಬ ತಂದೆ ಅದನ್ನ ನಂಬಿ ಮಗನಿಗೆ ಬುದ್ಧಿ ಹೇಳಿದ್ದಾರೆ. ಹಾಗಾಗಿ ಇವತ್ತು ಆ ಬಾಕಿ ತೀರಿಸೋಣ.

ಆ ಗೆರೆಯ ಹೆಸರು ಯೀಲ್ಡ್ ಕರ್ವ್. ಹೆಸರು ಕೇಳಿ ಚಾನೆಲ್ ಬದಲಿಸಬೇಡಿ. ಇದರ ಅರ್ಧ ಭಾಗ ನಿಮಗೆ ಈಗಾಗಲೇ ಗೊತ್ತು. ನೀವು ಬ್ಯಾಂಕಿಗೆ ಹೋಗಿ ಎಫ್‌ಡಿ ಇಡುವಾಗ ಗೋಡೆ ಮೇಲೆ ಒಂದು ಪಟ್ಟಿ ಇರುತ್ತದಲ್ಲ? ಮೂರು ತಿಂಗಳಿಗೆ ಇಷ್ಟು ಬಡ್ಡಿ, ಒಂದು ವರ್ಷಕ್ಕೆ ಇಷ್ಟು, ಐದು ವರ್ಷಕ್ಕೆ ಇಷ್ಟು ಅಂತ. ಸರ್ಕಾರವೂ ಹೀಗೇ ಜನರ ಹತ್ತಿರ, ಬ್ಯಾಂಕುಗಳ ಹತ್ತಿರ ಸಾಲ ಎತ್ತುತ್ತದೆ. ಅಮೆರಿಕ ಸರ್ಕಾರ ಒಂದು ತಿಂಗಳಿಂದ ಹಿಡಿದು ಮೂವತ್ತು ವರ್ಷದವರೆಗೆ ಬೇರೆ ಬೇರೆ ಅವಧಿಗೆ ಸಾಲಪತ್ರ, ಅಂದ್ರೆ ಬಾಂಡ್ ಮಾರುತ್ತದೆ. ಪ್ರತಿಯೊಂದು ಅವಧಿಗೂ ಒಂದೊಂದು ಬಡ್ಡಿ. ಅವಧಿಯನ್ನ ಎಡದಿಂದ ಬಲಕ್ಕೆ ಬರೆದು, ಬಡ್ಡಿಯನ್ನ ಕೆಳಗಿನಿಂದ ಮೇಲಕ್ಕೆ ಗುರುತು ಹಾಕಿ, ಚುಕ್ಕಿಗಳನ್ನ ಸೇರಿಸಿದರೆ ಒಂದು ಗೆರೆ ಬರುತ್ತದೆ. ಅಷ್ಟೇ ಯೀಲ್ಡ್ ಕರ್ವ್.

ಮಾಮೂಲಿ ದಿನಗಳಲ್ಲಿ ಈ ಗೆರೆ ಎಡದಿಂದ ಬಲಕ್ಕೆ ಮೇಲೇರುತ್ತದೆ. ದುಡ್ಡನ್ನ ಹತ್ತು ವರ್ಷ ಕಟ್ಟಿಹಾಕಿಕೊಳ್ಳುವವನು ಮೂರು ತಿಂಗಳು ಕೊಡುವವನಿಗಿಂತ ಹೆಚ್ಚು ಬಡ್ಡಿ ಕೇಳುತ್ತಾನೆ. ನ್ಯಾಯವೇ. ಹತ್ತು ವರ್ಷದಲ್ಲಿ ಏನು ಬೇಕಾದರೂ ಆಗಬಹುದು, ಬೆಲೆಗಳು ಏರಬಹುದು, ಅವನಿಗೇ ದುಡ್ಡು ಬೇಕಾಗಬಹುದು. ಆದರೆ ಕೆಲವೊಮ್ಮೆ ಇದು ತಿರುಗುಮುರುಗಾಗುತ್ತದೆ. ಎರಡು ವರ್ಷದ ಸಾಲಕ್ಕೆ ಶೇ.5 ಬಡ್ಡಿ, ಹತ್ತು ವರ್ಷದ ಸಾಲಕ್ಕೆ ಶೇ.4 ಮಾತ್ರ! ಇದೇ ಇನ್ವರ್ಷನ್. ಗೆರೆ ತಲೆಕೆಳಗಾಗಿದೆ ಅನ್ನೋದು ಇದಕ್ಕೇ.

ಈಗ ನಿಜವಾದ ಪ್ರಶ್ನೆ. ಎರಡು ವರ್ಷಕ್ಕೆ ಶೇ.5 ಸಿಗುತ್ತಿರುವಾಗ, ಹತ್ತು ವರ್ಷ ದುಡ್ಡು ಕಟ್ಟಿಹಾಕಿಕೊಂಡು ಶೇ.4 ತಗೊಳ್ಳೋಕೆ ಯಾರಿಗೆ ಹುಚ್ಚು? ಕೋಟಿ ಕೋಟಿ ಡಾಲರ್ ವಹಿವಾಟು ಮಾಡುವ ಬಾಂಡ್ ವ್ಯಾಪಾರಿಗಳು ಹುಚ್ಚರಲ್ಲ. ಅವರು ಹಾಗೆ ಮಾಡುತ್ತಾರೆ ಅಂದ್ರೆ ಅದರಲ್ಲಿ ಒಂದು ಲೆಕ್ಕ ಇದೆ. ಆ ಲೆಕ್ಕ ಬಿಡಿಸಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಸುಲಭವಾಗಲಿ ಅಂತ ಒಂದು ವರ್ಷ ಮತ್ತು ಎರಡು ವರ್ಷದ ಸಾಲವನ್ನೇ ತಗೊಳ್ಳೋಣ.

ನಿಮ್ಮ ಹತ್ತಿರ 100 ಡಾಲರ್ ಇದೆ. ಒಂದು ವರ್ಷದ ಬಾಂಡ್‌ಗೆ ಶೇ.5, ಎರಡು ವರ್ಷದ ಬಾಂಡ್‌ಗೆ ಶೇ.4. ಎರಡು ವರ್ಷದ ಬಾಂಡ್ ತಗೊಂಡರೆ ಮೊದಲ ವರ್ಷದ ಕೊನೆಗೆ 104, ಅದರ ಮೇಲೆ ಮತ್ತೆ ಶೇ.4, ಎರಡನೇ ವರ್ಷದ ಕೊನೆಗೆ 108 ಡಾಲರ್ 16 ಸೆಂಟ್. ಇದು ಒಂದು ದಾರಿ. ಇನ್ನೊಂದು ದಾರಿ ಏನು? ಒಂದು ವರ್ಷದ ಬಾಂಡ್ ತಗೊಳ್ಳಿ. ವರ್ಷದ ಕೊನೆಗೆ 105 ಕೈಗೆ ಬರುತ್ತದೆ. ಅದನ್ನ ಮತ್ತೆ ಒಂದು ವರ್ಷಕ್ಕೆ ಹಾಕಿ. ಆಗ ಎಷ್ಟು ಬಡ್ಡಿ ಸಿಕ್ಕರೆ ಎರಡೂ ದಾರಿ ಸಮ ಆಗುತ್ತದೆ? 105 ಬೆಳೆದು 108.16 ಆಗಬೇಕು. ಅಂದ್ರೆ ಸುಮಾರು ಶೇ.3.

ನೋಡಿ, ಇಲ್ಲೇ ಇದೆ ಗುಟ್ಟು. ಇವತ್ತು ಶೇ.5 ಇರುವ ಒಂದು ವರ್ಷದ ಬಡ್ಡಿ ಮುಂದಿನ ವರ್ಷ ಶೇ.3ಕ್ಕೆ ಇಳಿಯುತ್ತದೆ ಅಂತ ವ್ಯಾಪಾರಿ ನಂಬಿದ್ದರೆ ಮಾತ್ರ ಶೇ.4ರ ಬಾಂಡ್ ಅವನಿಗೆ ಸರಿಯಾದ ವ್ಯಾಪಾರ. ಇನ್ನೂ ಕೆಳಗಿಳಿಯುತ್ತದೆ ಅಂತ ನಂಬಿದ್ದರೆ ಅದು ಲಾಭದ ವ್ಯಾಪಾರ. ಅವನಿಗೆ ಇವತ್ತಿನ ಶೇ.5 ಬೇಡ. ಅದು ಬಹಳ ದಿನ ಇರೋದಿಲ್ಲ ಅಂತ ಅವನ ಲೆಕ್ಕ. ಈಗಲೇ ಶೇ.4 ಅನ್ನು ದೀರ್ಘ ಅವಧಿಗೆ ಗಟ್ಟಿ ಮಾಡಿಕೊಳ್ಳೋಣ ಅಂತ ಅವನು ಓಡುತ್ತಾನೆ. ಎಲ್ಲರೂ ದೀರ್ಘಾವಧಿ ಬಾಂಡ್ ಕೊಳ್ಳೋಕೆ ಓಡಿದಾಗ ಅದರ ಬೆಲೆ ಏರುತ್ತದೆ. ಬಾಂಡ್‌ನ ಬೆಲೆ ಏರಿದರೆ ಅದರಿಂದ ಸಿಗುವ ಬಡ್ಡಿಯ ಇಳುವರಿ ಇಳಿಯುತ್ತದೆ. ಒಂದು ವರ್ಷ ಆದಮೇಲೆ 100 ಡಾಲರ್ ಕೊಡುವ ಪತ್ರವನ್ನ 95ಕ್ಕೆ ಕೊಂಡವನಿಗೆ 5 ಡಾಲರ್ ಉಳಿಯುತ್ತದೆ, ಪೈಪೋಟಿಯಲ್ಲಿ 97ಕ್ಕೆ ಕೊಂಡವನಿಗೆ 3 ಡಾಲರ್ ಮಾತ್ರ. ಗೆರೆಯ ಬಲತುದಿ ಕೆಳಗೆ ಬಾಗೋದು ಹೀಗೆ.

ಈ ಲೆಕ್ಕವನ್ನ ಆ ಕೊಬ್ಬರಿ ಯಜಮಾನರಿಗೆ ಹೇಳಿದ್ದರೆ ಒಂದು ಕ್ಷಣದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರು. ಇವತ್ತಿನ ರೇಟು ಎಷ್ಟೇ ಮೇಲಿರಲಿ, ಮೂರು ತಿಂಗಳ ನಂತರದ ಮಾಲಿಗೆ ವ್ಯಾಪಾರಿ ಕಡಿಮೆ ರೇಟು ಹೇಳಿದ ಅಂದ್ರೆ ಮುಂದೆ ರೇಟು ಬೀಳುತ್ತದೆ ಅಂತ ಅವನ ಎಣಿಕೆ. ಬಾಂಡ್ ಮಾರುಕಟ್ಟೆಯಲ್ಲಿ ಮಾಲು ಬಡ್ಡಿ. ಅಷ್ಟೇ ವ್ಯತ್ಯಾಸ.

ಸರಿ, ಬಡ್ಡಿ ಇಳಿಯುತ್ತದೆ ಅಂತ ಅವರು ಯಾಕೆ ನಂಬುತ್ತಾರೆ? ಅಮೆರಿಕದಲ್ಲಿ ಅಲ್ಪಾವಧಿ ಬಡ್ಡಿಯ ಲಗಾಮು ಫೆಡರಲ್ ರಿಸರ್ವ್ ಕೈಯಲ್ಲಿದೆ. ನಮಗೆ ರಿಸರ್ವ್ ಬ್ಯಾಂಕ್ ಹೇಗೋ ಅವರಿಗೆ ಅದು ಹಾಗೆ. ಬೆಲೆ ಏರಿಕೆ ಜಾಸ್ತಿಯಾದಾಗ ಫೆಡ್ ಬಡ್ಡಿ ಏರಿಸುತ್ತದೆ. ಗೆರೆಯ ಎಡತುದಿ ಮೇಲೇಳುತ್ತದೆ. ಆರ್ಥಿಕತೆ ಸೊರಗಿದಾಗ, ಜನ ಕೆಲಸ ಕಳೆದುಕೊಳ್ಳೋಕೆ ಶುರುವಾದಾಗ ಫೆಡ್ ಬಡ್ಡಿ ಇಳಿಸುತ್ತದೆ, ಅದೂ ಬೇಗ ಬೇಗ ಇಳಿಸುತ್ತದೆ. ಹಾಗಾಗಿ ವ್ಯಾಪಾರಿಗಳು ಒಟ್ಟಾಗಿ "ಬಡ್ಡಿ ಗಣನೀಯವಾಗಿ ಇಳಿಯುತ್ತದೆ" ಅಂತ ದುಡ್ಡು ಹಾಕಿದರೆ, ಬಹಳ ಸಲ ಅದರ ಅರ್ಥ "ಫೆಡ್ ಇಳಿಸಲೇಬೇಕಾದ ಕಷ್ಟದ ದಿನ ಬರುತ್ತಿದೆ" ಅಂತ.

ಇದನ್ನ ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ಒಬ್ಬರು ಕ್ಯಾಂಬೆಲ್ ಹಾರ್ವೆ. 1986ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧದಲ್ಲಿ ಅವರು ಈ ಗೆರೆಗೂ ಮುಂದಿನ ಆರ್ಥಿಕ ಬೆಳವಣಿಗೆಗೂ ಇರುವ ನಂಟು ಬಿಡಿಸಿಟ್ಟರು. ಆಮೇಲೆ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್ ಕೂಡ ಈ ಗೆರೆಯಿಂದಲೇ ಲೆಕ್ಕ ಹಾಕಿ, ಹನ್ನೆರಡು ತಿಂಗಳ ನಂತರ ಆರ್ಥಿಕ ಹಿಂಜರಿತ ಇರುವ ಸಂಭವ ಎಷ್ಟು ಅಂತ ಪ್ರತಿ ತಿಂಗಳೂ ಪ್ರಕಟಿಸುತ್ತಾ ಬಂದಿದೆ. ಅದು ನೋಡೋದು ಹತ್ತು ವರ್ಷದ ಬಡ್ಡಿ ಮತ್ತು ಮೂರು ತಿಂಗಳ ಬಡ್ಡಿಯ ಅಂತರವನ್ನ. ಪತ್ರಿಕೆಗಳು, ನಮ್ಮಂಥ ಚಾನೆಲ್‌ಗಳು ಹೆಚ್ಚಾಗಿ ಹೇಳೋದು ಹತ್ತು ವರ್ಷ ಮತ್ತು ಎರಡು ವರ್ಷದ ಅಂತರ. ಎರಡೂ ಅಣ್ಣ ತಮ್ಮಂದಿರೇ, ಆದರೆ ಒಂದೇ ದಿನ ತಲೆಕೆಳಗಾಗಬೇಕು ಅಂತೇನಿಲ್ಲ.

ಗಂಟೆ ನಿಜವಾದ ಕಥೆ ಒಂದು ಹೇಳ್ತೀನಿ. 2004ರ ಜೂನ್‌ನಲ್ಲಿ ಫೆಡ್ ಬಡ್ಡಿ ಶೇ.1 ಇತ್ತು. ಅಲ್ಲಿಂದ ಹದಿನೇಳು ಸಲ ಏರಿಸಿ 2006ರ ಜೂನ್ ಹೊತ್ತಿಗೆ ಶೇ.5.25 ಮಾಡಿದರು. ದೀರ್ಘಾವಧಿ ಬಡ್ಡಿ ಮಾತ್ರ ಅದರ ಜೊತೆ ಏರಲೇ ಇಲ್ಲ. ಆಗ ಫೆಡ್ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ 2005ರಲ್ಲೇ ಇದು ಒಂದು ಒಗಟು ಅಂದಿದ್ದರು. ಅವರ ನಂತರ ಬಂದ ಬೆನ್ ಬರ್ನಾಂಕೆ 2006ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇದೇ ಗೆರೆಯ ಬಗ್ಗೆ ಒಂದು ಭಾಷಣ ಮಾಡಿದರು. ಗೆರೆ ಚಪ್ಪಟೆಯಾಗಿದೆ ಅಂತ ದೊಡ್ಡ ಕುಸಿತ ಬರುತ್ತದೆ ಅಂದುಕೊಳ್ಳಬೇಕಿಲ್ಲ, ಪ್ರಪಂಚದ ಉಳಿತಾಯವೆಲ್ಲ ಅಮೆರಿಕದ ಬಾಂಡ್‌ಗೆ ಬರುತ್ತಿರೋದೂ ಒಂದು ಕಾರಣ ಅನ್ನೋ ಅರ್ಥದಲ್ಲಿ ಮಾತಾಡಿದರು. ಅವರ ಮಾತಲ್ಲಿ ತರ್ಕ ಇತ್ತು. ಆದರೆ ಆ ವರ್ಷದ ಬಹುಭಾಗ ಗೆರೆ ತಲೆಕೆಳಗಾಗೇ ಇತ್ತು. 2007ರ ಡಿಸೆಂಬರ್‌ನಲ್ಲಿ ಹಿಂಜರಿತ ಶುರುವಾಯಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿತು.

ಇಲ್ಲಿ ಒಂದು ವಿಷಯ ಗಮನಿಸಿ. 2007ರ ಡಿಸೆಂಬರ್‌ನಲ್ಲಿ ಹಿಂಜರಿತ ಶುರುವಾದಾಗ ಗೆರೆ ತಲೆಕೆಳಗಾಗಿರಲಿಲ್ಲ. ಅಷ್ಟರಲ್ಲಿ ನೆಟ್ಟಗಾಗಿತ್ತು! ಬಹಳ ಜನ ಇಲ್ಲೇ ಎಡವೋದು. ಗೆರೆ ನೆಟ್ಟಗಾಯಿತು, ಗಂಡಾಂತರ ಕಳೆಯಿತು ಅಂತ ನಿಟ್ಟುಸಿರು ಬಿಡ್ತಾರೆ. ಅದು ನೆಟ್ಟಗಾಗೋದು ಹೇಗೆ? ಆರ್ಥಿಕತೆಯಲ್ಲಿ ಬಿರುಕು ಕಂಡು, ಫೆಡ್ ಬಡ್ಡಿ ಇಳಿಸೋಕೆ ಶುರುಮಾಡಿದಾಗ ಅಥವಾ ಇಳಿಸೇ ಇಳಿಸುತ್ತದೆ ಅಂತ ಖಚಿತವಾದಾಗ ಎಡತುದಿ ಧಡಕ್ಕನೆ ಕುಸಿಯುತ್ತದೆ. ಅದಕ್ಕೇ ಅನುಭವಸ್ಥ ವ್ಯಾಪಾರಿಗಳು ಗೆರೆ ತಲೆಕೆಳಗಾದ ದಿನಕ್ಕಿಂತ ಅದು ನೆಟ್ಟಗಾಗುವ ದಿನ ಹೆಚ್ಚು ಎಚ್ಚರವಾಗಿರುತ್ತಾರೆ. ತಲೆಕೆಳಗಾಗುವುದಕ್ಕೂ ಹಿಂಜರಿತಕ್ಕೂ ನಡುವೆ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದವರೆಗೆ ಅಂತರ ಇರುತ್ತದೆ. ಇಷ್ಟು ದೊಡ್ಡ ಅಂತರ ಇರುವ ಸೂಚನೆಯನ್ನ ನಂಬಿ ಯಾರೂ ನಾಳೆ ಬೆಳಿಗ್ಗೆ ಕೆಲಸ ಬಿಡಬಾರದು, ಸಿಕ್ಕ ಕೆಲಸ ಬೇಡ ಅನ್ನಲೂಬಾರದು.

ಹಾಗಾದ್ರೆ ಈ ಗೆರೆ ಬರೀ ಊಹೆಯಾ, ಇಲ್ಲಾ ಅದೇ ಏನಾದರೂ ತೊಂದರೆ ಕೊಡುತ್ತದಾ? ಕೊಡುತ್ತದೆ. ಬ್ಯಾಂಕಿನ ವ್ಯಾಪಾರ ಏನು ಹೇಳಿ? ನಿಮ್ಮಿಂದ ಅಲ್ಪಾವಧಿಗೆ ಠೇವಣಿ ತಗೊಂಡು, ಬೇರೆಯವರಿಗೆ ದೀರ್ಘಾವಧಿಗೆ ಸಾಲ ಕೊಡೋದು. ನಡುವಿನ ಅಂತರವೇ ಅದರ ಸಂಪಾದನೆ. ಗೆರೆ ತಲೆಕೆಳಗಾದಾಗ ಆ ಅಂತರ ಸವೆದುಹೋಗುತ್ತದೆ. ಹೊಸ ಸಾಲ ಕೊಟ್ಟು ಏನೂ ಗಿಟ್ಟುವುದಿಲ್ಲ ಅನಿಸಿದಾಗ ಬ್ಯಾಂಕು ಕೈ ಬಿಗಿ ಮಾಡುತ್ತದೆ. ಅಂಗಡಿ ದೊಡ್ಡದು ಮಾಡಬೇಕು ಅಂದವನಿಗೆ ಸಾಲ ಸಿಗೋದಿಲ್ಲ, ಅವನು ಆಳು ಇಟ್ಟುಕೊಳ್ಳೋದಿಲ್ಲ. ಹೀಗೆ ಎಚ್ಚರಿಕೆಯೇ ನಿಧಾನವಾಗಿ ಕಾರಣವೂ ಆಗುತ್ತದೆ.

ಇದರ ಬಿಸಿ ಹೇಗಿರುತ್ತದೆ ಅಂತ 2023ರ ಮಾರ್ಚ್‌ನಲ್ಲಿ ಪ್ರಪಂಚ ನೋಡಿತು. ಅದಕ್ಕೂ ಒಂದು ವರ್ಷ ಮೊದಲು ಫೆಡ್ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ. ಅಮೆರಿಕದ ಹಣದುಬ್ಬರ 2022ರ ಜೂನ್‌ನಲ್ಲಿ ಶೇ.9.1 ಮುಟ್ಟಿತು. ಫೆಡ್ ಒಂದೇ ಸಮನೆ ಏರಿಸುತ್ತಾ ಹೋಯಿತು. 2022ರ ಜುಲೈ ಹೊತ್ತಿಗೆ ಎರಡು ವರ್ಷದ ಬಡ್ಡಿ ಹತ್ತು ವರ್ಷದ್ದನ್ನ ದಾಟಿ ಅಲ್ಲೇ ನಿಂತಿತು. 2023ರ ಮಾರ್ಚ್ 8ರಂದು ಎರಡು ವರ್ಷದ ಬಡ್ಡಿ ಶೇ.5 ದಾಟಿತ್ತು, ಹತ್ತು ವರ್ಷದ್ದು ಶೇ.4ರ ಆಸುಪಾಸು. ಅಂತರ ಒಂದಕ್ಕಿಂತ ಸ್ವಲ್ಪ ಹೆಚ್ಚು. 1980ರ ದಶಕದ ಆರಂಭದ ನಂತರ ಗೆರೆ ಇಷ್ಟು ಆಳವಾಗಿ ತಲೆಕೆಳಗಾಗಿರಲಿಲ್ಲ.

ಅದೇ ದಿನ, ಮಾರ್ಚ್ 8ರ ಸಂಜೆ, ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಒಂದು ಪ್ರಕಟಣೆ ಕೊಟ್ಟಿತು. ಸುಮಾರು 21 ಶತಕೋಟಿ ಡಾಲರ್‌ನ ಬಾಂಡ್ ಮಾರಿದ್ದೇವೆ, 1.8 ಶತಕೋಟಿ ನಷ್ಟ ಆಗಿದೆ ಅಂತ. ಏನಾಗಿತ್ತು ಗೊತ್ತಾ? ಬಡ್ಡಿ ತೀರಾ ಕಡಿಮೆ ಇದ್ದ ಕಾಲದಲ್ಲಿ ಸ್ಟಾರ್ಟಪ್‌ಗಳ ಠೇವಣಿ ಆ ಬ್ಯಾಂಕಿಗೆ ಹೊಳೆಯಂತೆ ಹರಿದು ಬಂದಿತ್ತು. ಆ ದುಡ್ಡನ್ನ ಬ್ಯಾಂಕು ದೀರ್ಘಾವಧಿ ಬಾಂಡ್‌ಗಳಲ್ಲಿ, ಗೃಹಸಾಲ ಆಧಾರಿತ ಪತ್ರಗಳಲ್ಲಿ ಹಾಕಿತು. ಒಂದು ಉದಾಹರಣೆ ಲೆಕ್ಕ ಹೇಳ್ತೀನಿ. ಹತ್ತು ವರ್ಷಕ್ಕೆ ಶೇ.1.5 ಕೊಡುವ 100 ಡಾಲರ್ ಬಾಂಡ್ ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಮಾರುಕಟ್ಟೆಯಲ್ಲಿ ಹೊಸ ಬಾಂಡ್ ಶೇ.4 ಕೊಡುತ್ತಿದ್ದರೆ ನಿಮ್ಮ ಹಳೇ ಬಾಂಡನ್ನ 100ಕ್ಕೆ ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದಕ್ಕೆ ಸುಮಾರು 80 ಡಾಲರ್ ಸಿಗಬಹುದು. ಹತ್ತು ವರ್ಷ ಕಾದರೆ ಪೂರ್ತಿ 100 ಬರುತ್ತದೆ, ನಷ್ಟ ಇಲ್ಲ. ಆದರೆ ಠೇವಣಿದಾರ ಬಾಗಿಲಲ್ಲಿ ನಿಂತಿರುವಾಗ ಹತ್ತು ವರ್ಷ ಕಾಯೋಕಾಗುತ್ತದಾ?

ಮಾರ್ಚ್ 9ರಂದು ಒಂದೇ ದಿನ ಗ್ರಾಹಕರು 42 ಶತಕೋಟಿ ಡಾಲರ್ ವಾಪಸ್ ತೆಗೆಯೋಕೆ ಮುಗಿಬಿದ್ದರು. ಮಾರ್ಚ್ 10ರಂದು ಅಧಿಕಾರಿಗಳು ಬ್ಯಾಂಕಿನ ಬಾಗಿಲು ಮುಚ್ಚಿಸಿದರು. ಮಾರ್ಚ್ 13, ಸೋಮವಾರ, ಎರಡು ವರ್ಷದ ಬಡ್ಡಿ ಒಂದೇ ದಿನದಲ್ಲಿ ಅರ್ಧ ಶೇಕಡಕ್ಕಿಂತ ಹೆಚ್ಚು ಕುಸಿಯಿತು. 1987ರ ಅಕ್ಟೋಬರ್‌ನ ಷೇರು ಕುಸಿತದ ನಂತರ ಅಂಥ ಒಂದು ದಿನ ಬಂದಿರಲಿಲ್ಲ. ಒಂದಕ್ಕಿಂತ ಹೆಚ್ಚಿದ್ದ ಅಂತರ ಮೂರೇ ವಹಿವಾಟಿನ ದಿನಗಳಲ್ಲಿ ಅರ್ಧಕ್ಕೆ ಇಳಿಯಿತು. ಆಗಲೇ ಹೇಳಿದೆನಲ್ಲ, ಗೆರೆ ನೆಟ್ಟಗಾಗುವ ದಿನ ಎಚ್ಚರವಾಗಿರಬೇಕು ಅಂತ? ಇದೇ ಅದು. ಬ್ಯಾಂಕ್ ಮುಳುಗಿದ್ದಕ್ಕೆ ಗೆರೆ ಒಂದೇ ಕಾರಣ ಅಲ್ಲ. ಬಡ್ಡಿ ಏರಿದ ವೇಗ, ವಿಮೆಯ ಮಿತಿ ಮೀರಿದ ಠೇವಣಿಗಳು, ಬ್ಯಾಂಕಿನದೇ ಅಜಾಗರೂಕತೆ, ಎಲ್ಲ ಸೇರಿತ್ತು. ಆದರೆ ಗೆರೆಯ ಎಡತುದಿ ಆಕಾಶಕ್ಕೆ ಏರಿದಾಗ ಯಾರ ಮನೆಯ ಹೆಂಚು ಹಾರುತ್ತದೆ ಅನ್ನೋದು ಅಲ್ಲಿ ಕಾಣಿಸಿತು.

ನಾವು ಕೆಂಪು ಅಕ್ಷರ ಹಾಕಿದ್ದು ಆ ದಿನಗಳಲ್ಲೇ. ನ್ಯೂಯಾರ್ಕ್ ಫೆಡ್‌ನ ಲೆಕ್ಕ ಕೂಡ ಆ ವರ್ಷ ಹಿಂಜರಿತದ ಸಂಭವವನ್ನ ಶೇ.70ರ ಹತ್ತಿರ ತೋರಿಸಿತು. ಆದರೆ ಹಿಂಜರಿತ ಬರಲಿಲ್ಲ. ಅಮೆರಿಕದ ಆರ್ಥಿಕತೆ 2023ರಲ್ಲೂ ಬೆಳೆಯಿತು, 2024ರಲ್ಲೂ ಬೆಳೆಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ತಲೆಕೆಳಗಾಗಿದ್ದ ಗೆರೆ 2024ರ ಸೆಪ್ಟೆಂಬರ್‌ನಲ್ಲಿ ನೆಟ್ಟಗಾಯಿತು.

ಯಾಕೆ ಸುಳ್ಳಾಯಿತು? ನನಗೆ ಮೂರು ಕಾರಣ ಮುಖ್ಯ ಅನಿಸುತ್ತವೆ.

ಮೊದಲನೆಯದು, ಬಡ್ಡಿ ಇಳಿಯುತ್ತದೆ ಅನ್ನೋ ನಂಬಿಕೆಗೆ ಕಷ್ಟಕಾಲ ಒಂದೇ ಕಾರಣ ಅಲ್ಲ. ಶೇ.9 ಇದ್ದ ಹಣದುಬ್ಬರ ಶೇ.3ಕ್ಕೆ ಇಳಿಯುತ್ತದೆ ಅಂತ ನೀವು ನಂಬಿದ್ದರೂ ಬಡ್ಡಿ ಇಳಿಯುತ್ತದೆ ಅಂತಲೇ ದುಡ್ಡು ಹಾಕುತ್ತೀರಿ. ಅದು ಸಿಹಿಸುದ್ದಿ. ಗೆರೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗೆರೆಗೆ ಬಡ್ಡಿ ಇಳಿಯುತ್ತದೆ ಅಂತ ಹೇಳೋಕೆ ಬರುತ್ತದೆ, ಯಾಕೆ ಅಂತ ಹೇಳೋಕೆ ಬರೋದಿಲ್ಲ. 2023ರ ಆರಂಭದಲ್ಲಿ, ಈ ಗೆರೆಯನ್ನ ಪ್ರಸಿದ್ಧಿಗೆ ತಂದ ಹಾರ್ವೆ ಅವರೇ ಈ ಸಲ ಇದು ಸುಳ್ಳು ಸೂಚನೆ ಇರಬಹುದು ಅಂದಿದ್ದರು. ಅವರ ಆ ಮಾತಿಗೆ ನಾವು ಕೆಂಪು ಅಕ್ಷರ ಹಾಕಲಿಲ್ಲ.

ಎರಡನೆಯದು, ಏರಿದ ಬಡ್ಡಿ ಮನೆಮನೆಗೆ ತಲುಪಲಿಲ್ಲ. ನಮ್ಮಲ್ಲಿ ಮನೆಸಾಲದ ಬಡ್ಡಿ ರೆಪೊ ದರಕ್ಕೆ ಗಂಟು ಹಾಕಿಕೊಂಡಿರುತ್ತದೆ. ರಿಸರ್ವ್ ಬ್ಯಾಂಕ್ ಏರಿಸಿದರೆ ಕೆಲವೇ ತಿಂಗಳಲ್ಲಿ ನಿಮ್ಮ ಇಎಂಐ ಅಥವಾ ಕಂತುಗಳ ಸಂಖ್ಯೆ ಏರುತ್ತದೆ. ಅಮೆರಿಕದಲ್ಲಿ ಮನೆಸಾಲ ಬಹುಪಾಲು ಮೂವತ್ತು ವರ್ಷಕ್ಕೆ ಒಂದೇ ಬಡ್ಡಿ. 2020 ಮತ್ತು 2021ರಲ್ಲಿ ಲಕ್ಷಾಂತರ ಕುಟುಂಬಗಳು ಶೇ.3ರ ಆಸುಪಾಸಿಗೆ ಸಾಲ ಗಟ್ಟಿ ಮಾಡಿಕೊಂಡು ಕೂತಿದ್ದವು. ದೊಡ್ಡ ಕಂಪನಿಗಳೂ ಹಾಗೇ. ಫೆಡ್ ಎಷ್ಟು ಏರಿಸಿದರೂ ಅವರ ಕಂತು ಒಂದು ಡಾಲರೂ ಹೆಚ್ಚಲಿಲ್ಲ. ಕೋವಿಡ್ ಕಾಲದ ಉಳಿತಾಯ, ಸರ್ಕಾರದ ಧಾರಾಳ ಖರ್ಚು ಕೂಡ ಸೇರಿಕೊಂಡು ಜನ ಕೊಳ್ಳೋದನ್ನ ನಿಲ್ಲಿಸಲಿಲ್ಲ.

ಮೂರನೆಯದು, ಗೆರೆಯ ಬಲತುದಿಯನ್ನ ಫೆಡ್ ತಾನೇ ಅದುಮಿ ಹಿಡಿದಿತ್ತು. ಹಿಂದಿನ ವರ್ಷಗಳಲ್ಲಿ ಅದು ಕೊಂಡು ಗುಡ್ಡೆ ಹಾಕಿದ ಬಾಂಡ್ ಇತ್ಯಾದಿ ಸೇರಿ ಅದರ ಲೆಕ್ಕಪುಸ್ತಕ 2022ರಲ್ಲಿ 9 ಲಕ್ಷ ಕೋಟಿ ಡಾಲರ್‌ನ ಸಮೀಪ ಇತ್ತು. ಇಷ್ಟು ದೊಡ್ಡ ಗಿರಾಕಿ ದೀರ್ಘಾವಧಿ ಬಾಂಡ್ ಹಿಡಿದು ಕೂತಾಗ ಅದರ ಬಡ್ಡಿ ಸಹಜಕ್ಕಿಂತ ಕೆಳಗಿರುತ್ತದೆ. ಆಗ ಗೆರೆ ತಲೆಕೆಳಗಾಗೋಕೆ ಸಣ್ಣ ತಳ್ಳು ಸಾಕು.

ಇದೇ ಮೊದಲ ಸುಳ್ಳು ಗಂಟೆಯೂ ಅಲ್ಲ. 1966ರಲ್ಲಿ ಗೆರೆ ತಲೆಕೆಳಗಾಗಿತ್ತು. ಬೆಳವಣಿಗೆ ನಿಧಾನವಾಯಿತು, ಆದರೆ ಹಿಂಜರಿತ ಬರಲಿಲ್ಲ. 2019ರ ಆಗಸ್ಟ್‌ನಲ್ಲೂ ಆಗಿತ್ತು. 2020ರಲ್ಲಿ ಹಿಂಜರಿತ ಬಂತು, ಗೆರೆ ಗೆದ್ದಿತು ಅಂತ ಕೆಲವರು ಬೀಗಿದರು. ಆದರೆ ಬಂದದ್ದು ವೈರಸ್‌ನಿಂದ. ಬಾಂಡ್ ವ್ಯಾಪಾರಿಗೆ ಕೋವಿಡ್ ಬರುತ್ತದೆ ಅಂತ ಮೊದಲೇ ಗೊತ್ತಿರಲು ಸಾಧ್ಯವೇ? ಆ ಗೆಲುವನ್ನ ಲೆಕ್ಕಕ್ಕೆ ತಗೊಳ್ಳುವಾಗ ಸ್ವಲ್ಪ ಸಂಕೋಚ ಇರಲಿ.

ನಮ್ಮ ದೇಶದ ಗೆರೆ ಬಗ್ಗೆಯೂ ಒಂದು ಮಾತು. 2013ರ ಜುಲೈನಲ್ಲಿ ರೂಪಾಯಿ ಕುಸಿಯುತ್ತಿತ್ತು. ಅದನ್ನ ತಡೆಯೋಕೆ ರಿಸರ್ವ್ ಬ್ಯಾಂಕ್, ಬ್ಯಾಂಕುಗಳಿಗೆ ತಾನು ಕೊಡುವ ತುರ್ತು ಸಾಲದ ದರವನ್ನ ಶೇ.10.25ಕ್ಕೆ ಏರಿಸಿತು. ಅಲ್ಪಾವಧಿ ಬಡ್ಡಿ ಹತ್ತು ವರ್ಷದ ಬಡ್ಡಿಯನ್ನ ದಾಟಿತು, ಗೆರೆ ತಲೆಕೆಳಗಾಯಿತು. ಅದು ರೂಪಾಯಿಗೆ ಹಾಕಿದ ಪಟ್ಟಿ, ಹಿಂಜರಿತದ ಭವಿಷ್ಯವಾಣಿ ಅಲ್ಲ. ಮೇಲಾಗಿ ನಮ್ಮಲ್ಲಿ ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನ ಸರ್ಕಾರಿ ಬಾಂಡ್‌ನಲ್ಲಿ ಇಡಲೇಬೇಕು ಅನ್ನೋ ನಿಯಮ ಇದೆ. ವಿಮಾ ಕಂಪನಿಗಳು, ಭವಿಷ್ಯನಿಧಿಗಳು ದೀರ್ಘಾವಧಿ ಬಾಂಡ್‌ಗೆ ಕಾಯಂ ಗಿರಾಕಿಗಳು. ನಿಯಮಕ್ಕಾಗಿ ಕೊಳ್ಳುವವನ ಬೆಲೆಯಲ್ಲಿ ಭವಿಷ್ಯದ ಎಣಿಕೆ ಅಷ್ಟು ಸ್ಪಷ್ಟವಾಗಿ ಓದೋಕೆ ಸಿಗೋದಿಲ್ಲ. ಹಾಗಾಗಿ ಅಮೆರಿಕದ ಗೆರೆಯ ಅರ್ಥವನ್ನ ಇಲ್ಲಿಗೆ ಹಾಗೇ ಹಚ್ಚಬಾರದು.

ಇನ್ನು ಮುಂದೆ ಯಾರಾದರೂ, ನಾನೇ ಆಗಿರಲಿ, ಗೆರೆ ತಲೆಕೆಳಗಾಗಿದೆ ಅಂತ ಕೂಗಿದರೆ ನೀವು ಮೂರು ಪ್ರಶ್ನೆ ಕೇಳಿ. ಎಷ್ಟು ದಿನದಿಂದ ಹಾಗಿದೆ? ಒಂದು ಮಧ್ಯಾಹ್ನ ಇಣುಕಿ ಹೋದದ್ದು ಬೇರೆ, ತಿಂಗಳುಗಟ್ಟಲೆ ಕೂತದ್ದು ಬೇರೆ. ಎರಡನೆಯದು, ಹಣದುಬ್ಬರ ಎಷ್ಟಿದೆ? ಅದು ವಿಪರೀತ ಇದ್ದರೆ, ಬಡ್ಡಿ ಇಳಿಯುತ್ತದೆ ಅನ್ನೋ ಎಣಿಕೆಗೆ ಒಳ್ಳೆ ಕಾರಣವೂ ಇರಬಹುದು. ಮೂರನೆಯದು, ಗೆರೆ ಹೇಳಿದ್ದನ್ನ ನೆಲ ಹೇಳುತ್ತಿದೆಯಾ? ಅಮೆರಿಕದಲ್ಲಿ ಪ್ರತಿ ಗುರುವಾರ ಹೊಸದಾಗಿ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದವರ ಸಂಖ್ಯೆ ಬರುತ್ತದೆ. ಬ್ಯಾಂಕುಗಳು ಸಾಲ ಬಿಗಿ ಮಾಡುತ್ತಿವೆಯಾ ಅಂತ ಫೆಡ್ ಮೂರು ತಿಂಗಳಿಗೊಮ್ಮೆ ವಿಚಾರಿಸಿ ಪ್ರಕಟಿಸುತ್ತದೆ. ಗೆರೆಯ ಜೊತೆ ಇವೆರಡೂ ಕೆಟ್ಟರೆ ಆಗ ನಿಜವಾಗಿ ಕಿವಿ ನಿಮಿರಬೇಕು. 2023ರಲ್ಲಿ ಬ್ಯಾಂಕುಗಳು ಕೈ ಬಿಗಿ ಮಾಡಿದ್ದು ನಿಜ. ಆದರೆ ಆ ಗುರುವಾರದ ಸಂಖ್ಯೆ ಕೆಡಲೇ ಇಲ್ಲ. ನಾವು ನೋಡಬೇಕಿತ್ತು, ನೋಡಲಿಲ್ಲ.

ಹಾಗಂತ ಆ ಯಜಮಾನರ ಭಯ ಪೂರ್ತಿ ಬುಡವಿಲ್ಲದ್ದು ಅಂತಲೂ ನಾನು ಹೇಳೋದಿಲ್ಲ. ನಮ್ಮ ಐಟಿ ಕಂಪನಿಗಳಿಗೆ ಅತಿ ದೊಡ್ಡ ಗಿರಾಕಿ ಅಮೆರಿಕವೇ, ಅದರಲ್ಲೂ ಬ್ಯಾಂಕುಗಳು. ಹಿಂಜರಿತ ಬರದಿದ್ದರೂ, ಬರಬಹುದು ಅನ್ನೋ ಭಯಕ್ಕೇ ಗಿರಾಕಿ ಹೊಸ ಪ್ರಾಜೆಕ್ಟ್ ಮುಂದೂಡಬಹುದು. 2023-24ರಲ್ಲಿ ದೇಶದ ದೊಡ್ಡ ಐಟಿ ಕಂಪನಿಗಳಲ್ಲಿ ನೌಕರರ ಒಟ್ಟು ಸಂಖ್ಯೆ ಕಡಿಮೆಯಾಯಿತು. ಕೋವಿಡ್ ಕಾಲದಲ್ಲಿ ಅತಿಯಾಗಿ ಸೇರಿಸಿಕೊಂಡದ್ದೂ ಅದಕ್ಕೆ ಒಂದು ಕಾರಣ. ಆ ಹುಡುಗ ಹೊಸ ಕಂಪನಿಗೆ ಹೋಗಿದ್ದರೆ ಗೆಲ್ಲುತ್ತಿದ್ದನೋ, ಕೊನೆಗೆ ಸೇರಿದವನು ಅಂತ ಮೊದಲು ಹೊರಗೆ ಬರುತ್ತಿದ್ದನೋ, ಯಾವ ಗೆರೆಯೂ ಹೇಳಲಾರದು. ಆ ಗೆರೆ ಒಂದು ದೇಶದ ಬಡ್ಡಿಯ ಎಣಿಕೆ. ಒಬ್ಬ ಹುಡುಗನ ಜಾತಕ ಅಲ್ಲ.

ಮದುವೆ ಮನೆಯಲ್ಲಿ ನಾನು ಆ ಯಜಮಾನರ ಫೋನ್ ನಂಬರ್ ತಗೊಂಡು ಬಂದೆ. ಈ ಮಾತು ಪ್ರಸಾರವಾಗುವ ಮೊದಲು ಅವರಿಗೇ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ಇಷ್ಟೇನಾ ಸಾರ್. ನಮ್ಮ ಮಂಡೀಲೂ ಹಿಂಗೇ. ರೇಟು ಬೀಳುತ್ತೆ ಅಂತ ಎಲ್ರೂ ಅಂದ್ರೆ ನಾನು ಮಾಲು ಅರ್ಧ ಮಾರ್ತೀನಿ, ಅರ್ಧ ಇಟ್ಕೋತೀನಿ. ಅವತ್ತು ಅದನ್ನೇ ಹೇಳಿದ್ರೆ ಆಗ್ತಿತ್ತಲ್ಲ."

ಹೌದು, ಅದನ್ನೇ ಹೇಳಬೇಕಿತ್ತು.